ಗೋದಾಮಿನಲ್ಲಿ ಮಾಲು ಕಡಿಮೆ ಬಂದಾಗ: ಮೊದಲು ಕಾಗದ, ಆಮೇಲೆ ಜಾಗ, ಕೊನೆಗೆ ಕಳ್ಳತನ

ದೋಷ ಇಷ್ಟೇ: ಪುಸ್ತಕ ತೋರಿಸುವಷ್ಟು ಮಾಲು ಗೋದಾಮಿನಲ್ಲಿ ಇಲ್ಲ. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಇದಕ್ಕೆ ಬರುವ ಮೊದಲ ಮಾತು "ಯಾರೋ ಹೊಡದಾರ್ರಿ" ಎಂಬುದು. ಮಾತು ಮುಗಿಯುವುದರೊಳಗೆ ಬೆರಳು ಹಮಾಲರ ಕಡೆಗೋ ರಾತ್ರಿ ಕಾವಲುಗಾರನ ಕಡೆಗೋ ತಿರುಗಿರುತ್ತದೆ. ಇದು ಅನ್ಯಾಯ ಮಾತ್ರವಲ್ಲ, ದೋಷ ಹುಡುಕುವ ತಪ್ಪು ದಾರಿಯೂ ಹೌದು. ಕಾಗದದ ತಪ್ಪು, ಜಾಗ ತಪ್ಪಿದ ಮಾಲು, ಕಳ್ಳತನ ಈ ಮೂರೂ ಸೇರಿ ಒಂದೇ ಮೊತ್ತವಾಗಿ ಕಾಣುತ್ತವೆ. ಮೊದಲಿನ ಎರಡನ್ನು ಬಿಡಿಸಿ ಬದಿಗಿಡದೆ ಮೂರನೆಯದರ ಹಿಂದೆ ಹೋದರೆ ನಿರಪರಾಧಿ ಸಿಕ್ಕಿಬೀಳುತ್ತಾನೆ, ನಿಜವಾದ ಕಳ್ಳ ಅದೇ ಗದ್ದಲದಲ್ಲಿ ಮರೆಯಾಗುತ್ತಾನೆ.

ಈ ಮೂರೂ ಬಿಟ್ಟುಹೋಗುವ ಗುರುತು ಬೇರೆ ಬೇರೆ. ಆ ಗುರುತುಗಳನ್ನು ಓದುವುದು ಹೇಗೆ ಎನ್ನುವುದನ್ನು ವಿಜಯಪುರದ ಒಂದು ಗೋದಾಮಿನ ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ. ಅದು ಹನಿ ನೀರಾವರಿ ಸಾಮಾನಿನ ಗೋದಾಮು. ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಗೂ ಇಂಡಿ ಕಡೆಯ ನಿಂಬೆ ತೋಟಗಳಿಗೂ ಇಲ್ಲಿಂದಲೇ ಪೈಪು, ಕೇಬಲ್, ವಾಲ್ವ್ ಹೋಗುತ್ತವೆ. ಊರೊಳಗೆ ಒಂದು ಮಾರಾಟದ ಅಂಗಡಿ, ಊರ ಹೊರಗೆ ಗೋದಾಮು. ಕೆಲಸಕ್ಕೆ ಒಬ್ಬ ವ್ಯವಸ್ಥಾಪಕರು, ಲೆಕ್ಕ ಬರೆಯುವ ಗುಮಾಸ್ತರು, ಮಾಲು ಕೊಡುವ ಒಬ್ಬ ಹುಡುಗ, ಬಾಗಿಲ ಕಾವಲುಗಾರ. ಇವರಲ್ಲದೆ ತುಂಬಿ ಇಳಿಸಲು ಹಮಾಲರ ಒಂದು ತಂಡ, ಅವರ ಮೇಲೊಬ್ಬ ಮುಕಾದಮ.

ಮೊದಲು ಎಣಿಕೆಯನ್ನೇ ಸಂಶಯಿಸಿ

ಕೊರತೆ ಹುಡುಕುವ ಮುನ್ನ ಕೊರತೆ ನಿಜವೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಎಣಿಕೆಯ ದಿನ ಮಾಲು ಒಳಬರುವುದನ್ನೂ ಹೊರಹೋಗುವುದನ್ನೂ ಪೂರ್ತಿ ನಿಲ್ಲಿಸಿ. ಎಣಿಕೆ ಶುರುವಾಗುವ ಮುಂಚೆ ಕೊನೆಯ ಚಲನ್ ಸಂಖ್ಯೆ ಯಾವುದು, ಕೊನೆಯ ಆವಕ ನಮೂದು ಯಾವುದು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿ. ಪುಸ್ತಕದ ಲೆಕ್ಕವನ್ನು ಅದೇ ಗೆರೆಗೆ ತಂದು ನಿಲ್ಲಿಸದಿದ್ದರೆ, ನಿನ್ನೆಯ ಗೋದಾಮನ್ನು ಇವತ್ತಿನ ಪುಸ್ತಕಕ್ಕೆ ಹೋಲಿಸಿದಂತಾಗುತ್ತದೆ.

ಎಣಿಸುವವರ ಕೈಗೆ ಪುಸ್ತಕದ ಸಂಖ್ಯೆ ಕೊಡಲೇಬೇಡಿ. "31 ರೋಲ್ ಇರಬೇಕು" ಎಂದು ಗೊತ್ತಿದ್ದವನ ಕಣ್ಣಿಗೆ 31 ಕಾಣಿಸಿಬಿಡುತ್ತದೆ. ಹೆಸರು ಮತ್ತು ಜಾಗ ಮಾತ್ರ ಇರುವ ಖಾಲಿ ಹಾಳೆ ಕೊಡಿ. ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ. ಎರಡು ಸಂಖ್ಯೆ ಕೂಡದಿದ್ದರೆ ಮೂರನೆಯವರು ಎಣಿಸಲಿ. ಥಪ್ಪಿ ಹಚ್ಚಿದ ಮಾಲನ್ನು ಹೊರಗಿನ ಸಾಲು ನೋಡಿ ಗುಣಿಸಬೇಡಿ, ನಡುವೆ ಟೊಳ್ಳಿರಬಹುದು. ಡಬ್ಬಿ ಎಣಿಸಿದ ಮಾತ್ರಕ್ಕೆ ಒಳಗಿನ ವಸ್ತು ಎಣಿಸಿದಂತೆ ಆಗುವುದಿಲ್ಲ. ಈ ಕೊನೆಯ ಮಾತು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಹೀಗೆ ಎಣಿಸಿದಾಗ ಆ ಗೋದಾಮಿನಲ್ಲಿ ಆರು ಮಾಲುಗಳಲ್ಲಿ ವ್ಯತ್ಯಾಸ ಬಂತು. ಮೌಲ್ಯವೆಲ್ಲ ತೆರಿಗೆ ಬಿಟ್ಟು, ಖರೀದಿ ದರದಲ್ಲಿ.

| ಮಾಲು | ಪುಸ್ತಕ | ಎಣಿಕೆ | ವ್ಯತ್ಯಾಸ | ಮೌಲ್ಯ (ರೂ.) |
|---|---|---|---|---|
| 16 ಮಿ.ಮೀ. ಲ್ಯಾಟರಲ್ ಬಂಡಲ್ | 212 | 187 | −25 | −90,000 |
| ಇನ್‌ಲೈನ್ ಬಂಡಲ್, 40 ಸೆಂ.ಮೀ. | 64 | 52 | −12 | −50,400 |
| ಇನ್‌ಲೈನ್ ಬಂಡಲ್, 60 ಸೆಂ.ಮೀ. | 41 | 53 | +12 | +46,800 |
| 16 ಮಿ.ಮೀ. ಜಾಯ್ನರ್ | 4,300 | 3,310 | −990 | −1,980 |
| ಪಂಪಿನ ಕೇಬಲ್ ರೋಲ್ | 31 | 22 | −9 | −81,000 |
| ಹಿತ್ತಾಳೆ ಬಾಲ್ ವಾಲ್ವ್ | 146 | 108 | −38 | −17,100 |

ಒಟ್ಟು ಕೊರತೆ 1,93,680 ರೂಪಾಯಿ. ಈ ಮೊತ್ತ ಕೇಳಿದ ಮಾಲೀಕರಿಗೆ ಕೋಪ ಬರುವುದು ಸಹಜ. ಆದರೆ ಒಟ್ಟು ಮೊತ್ತ ಏನನ್ನೂ ಹೇಳುವುದಿಲ್ಲ. ಹೇಳುವುದು ಒಂದೊಂದೇ ಸಾಲು.

ಕಾಗದದ ತಪ್ಪಿನ ಗುರುತು

ಕಾಗದದ ತಪ್ಪು ಹೆಚ್ಚಾಗಿ ದುಂಡಗಿನ, ಅಚ್ಚುಕಟ್ಟಾದ ಸಂಖ್ಯೆಯಲ್ಲಿ ಬರುತ್ತದೆ. ಯಾವುದೋ ಒಂದು ಬಿಲ್ಲಿನ ಪ್ರಮಾಣಕ್ಕೆ ಅದು ಸರಿಯಾಗಿ ಕೂಡುತ್ತದೆ, ಇಲ್ಲವೇ ಒಂದು ಕಡೆ ಕಡಿಮೆಯಾದಷ್ಟೇ ಇನ್ನೊಂದು ಕಡೆ ಹೆಚ್ಚಾಗಿರುತ್ತದೆ.

ಮೇಲಿನ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳಬೇಕಾದದ್ದು ಇನ್‌ಲೈನ್ ಬಂಡಲ್‌ಗಳು. ಹನಿ ಬೀಳುವ ತೂತುಗಳು ಮೊದಲೇ ಇರುವ ಪೈಪುಗಳಿವು, 40, 60 ಎಂಬುದು ಎರಡು ಹನಿಗಳ ನಡುವಿನ ಅಂತರ. ನೋಡಲು ಅಣ್ಣ ತಮ್ಮಂದಿರಂತಿರುವ ಎರಡು ಮಾಲು, ಒಂದರಲ್ಲಿ 12 ಕಡಿಮೆ, ಇನ್ನೊಂದರಲ್ಲಿ 12 ಹೆಚ್ಚು. ಕದ್ದವನು ಒಂದನ್ನು ಒಯ್ದು ಇನ್ನೊಂದನ್ನು ತಂದಿಟ್ಟು ಹೋಗುವುದಿಲ್ಲ. ಬಿಲ್ಲು 60 ಸೆಂ.ಮೀ. ಪೈಪಿಗೆ ಆಗಿದೆ, ಗಾಡಿಗೆ ಏರಿದ್ದು 40 ಸೆಂ.ಮೀ. ಪೈಪು. 60 ಸೆಂ.ಮೀ.ಯ 12 ಬಂಡಲ್ ಇರುವ ಬಿಲ್ಲನ್ನು ಹುಡುಕಿದರೆ ಸಾಕಿತ್ತು, ಸಿಕ್ಕಿತು. ರೈತರಿಗೆ ಫೋನ್ ಮಾಡಿದಾಗ ಅವರೇ ಹೇಳಿದರು: "ಹೌದ್ರಿ, ಹನಿ ಭಾಳ ಹತ್ರ ಹತ್ರ ಅದಾವ ಅಂತ ನಾನೂ ಅಂದ್ಕೊಂಡಿದ್ದೆ." ದರದ ವ್ಯತ್ಯಾಸದಿಂದ ಆದ ನಷ್ಟ 3,600 ರೂಪಾಯಿ. ಹಣಕ್ಕಿಂತ ದೊಡ್ಡ ಚಿಂತೆ ರೈತರ ಹೊಲದಲ್ಲಿ ತಪ್ಪು ಅಂತರದ ಪೈಪು ಹಾಸಿರುವುದು. ಈ ಎರಡು ಬಂಡಲ್‌ಗಳ ಚೀಟಿ ಒಂದೇ ಬಣ್ಣದಲ್ಲಿದ್ದು, ಅಂತರದ ಅಂಕಿ ಸಣ್ಣಕ್ಷರದಲ್ಲಿತ್ತು. ಪಕ್ಕಪಕ್ಕದಲ್ಲೇ ಥಪ್ಪಿ ಹಚ್ಚಿದ್ದರು. ಎರಡನ್ನೂ ಗೋದಾಮಿನ ಎರಡು ಬದಿಗೆ ಸರಿಸಿ, ಒಂದರ ಮೇಲೆ ದೊಡ್ಡ ಅಂಕಿಯ ಫಲಕ ಹಾಕಿದ್ದೇ ಇದಕ್ಕೆ ಪರಿಹಾರ.

ಜಾಯ್ನರ್ ನೋಡಿ. 990 ಎಂಬ ಸಂಖ್ಯೆ ಹೆದರಿಸುತ್ತದೆ, ಬೆಲೆ ಮಾತ್ರ ಎರಡು ಸಾವಿರವೂ ಇಲ್ಲ. ಜಾಯ್ನರ್ ಬರುವುದು 100ರ ಚೀಲದಲ್ಲಿ. ಚೀಲದ ಲೆಕ್ಕದಲ್ಲಿ ಹೋದ ಮಾಲನ್ನು ನಗದ ಲೆಕ್ಕದಲ್ಲಿ ಬರೆದರೆ ಪ್ರತಿ ಚೀಲಕ್ಕೂ 99ರ ವ್ಯತ್ಯಾಸ ಉಳಿಯುತ್ತದೆ. 990 ಅಂದರೆ ಹತ್ತು 99. ಗೋದಾಮಿನಿಂದ ಅಂಗಡಿಗೆ 10 ಚೀಲ ಹೋಗಿತ್ತು, ಕಂಪ್ಯೂಟರಿನ ವರ್ಗಾವಣೆಯಲ್ಲಿ 10 ನಗ ಎಂದು ದಾಖಲಾಗಿತ್ತು. ಅಂಗಡಿಯಲ್ಲಿ ಎಣಿಸಿದಾಗ ಅಲ್ಲಿ ಸರಿಯಾಗಿ 990 ಹೆಚ್ಚಿತ್ತು. ಇದನ್ನು ಸೂತ್ರದಂತೆ ನೆನಪಿಡಬಹುದು: ಡಬ್ಬಿಯಲ್ಲಿ ಇರುವ ನಗಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ವ್ಯತ್ಯಾಸವನ್ನು ಭಾಗಿಸಿ ನೋಡಿ. 12ರ ಡಬ್ಬಿಯಾದರೆ 11ರಿಂದ, 100ರ ಚೀಲವಾದರೆ 99ರಿಂದ. ಶೇಷವಿಲ್ಲದೆ ಹೋದರೆ ಅಳತೆಯ ಮೂಲಮಾನ ತಪ್ಪಿದೆ ಎಂಬ ಸಂಶಯ ಬಲವಾಗುತ್ತದೆ. ಇದೇ ಬಗೆಯ ಇನ್ನೊಂದು ಹಳೆಯ ಪರೀಕ್ಷೆ 9ರದು. 72 ಎಂದು ಬರೆಯುವಲ್ಲಿ 27 ಬರೆದರೆ ವ್ಯತ್ಯಾಸ 45. ಪಕ್ಕದ ಎರಡು ಅಂಕಿ ಅದಲುಬದಲಾದಾಗ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಇವೆರಡೂ ಸುಳಿವು ಮಾತ್ರ. ಮೂಲ ಚೀಟಿ ಕೈಗೆ ಸಿಗುವವರೆಗೆ ಅವನ್ನು ಸಾಕ್ಷಿ ಅನ್ನಬಾರದು.

ಇನ್ನು 25 ಲ್ಯಾಟರಲ್ ಬಂಡಲ್. ಇಲ್ಲಿ ಎರಡು ಕಾರಣ ಒಂದರ ಮೇಲೊಂದು ಕುಳಿತಿದ್ದವು. ಕಂಪನಿಯ ಬಿಲ್ಲು ಮಿಂಚಂಚೆಯಲ್ಲಿ ಬಂದ ಕೂಡಲೇ ಗುಮಾಸ್ತರು ಖರೀದಿ ನಮೂದಿಸಿದ್ದರು. ಲಾರಿ ಇನ್ನೂ ಸೊಲ್ಲಾಪುರ ದಾಟಿರಲಿಲ್ಲ. ಅದರಲ್ಲಿದ್ದದ್ದು 20 ಬಂಡಲ್. ಅವು ಎಲ್ಲೂ ಕಳೆದಿರಲಿಲ್ಲ, ದಾರಿಯಲ್ಲಿದ್ದವು. ಬಿಲ್ಲು ಬಂದದ್ದಕ್ಕೂ ಮಾಲು ಬಂದದ್ದಕ್ಕೂ ಬೇರೆ ಬೇರೆ ನಮೂದು ಇರಬೇಕು, ಗೋದಾಮಿನ ಸ್ಟಾಕ್ ಏರಬೇಕಾದದ್ದು ಎರಡನೆಯದರಿಂದ ಮಾತ್ರ. ಉಳಿದ 5 ಬಂಡಲ್ ಹಂಗಾಮಿನ ಗಡಿಬಿಡಿಯಲ್ಲಿ ಪರಿಚಯದ ರೈತರೊಬ್ಬರಿಗೆ ಹೋಗಿದ್ದವು. "ಬಿಲ್ ನಾಳೆ ಮಾಡೂಣು, ಈಗ ಚೀಟಿ ಮ್ಯಾಲ ಕೊಟ್ಟು ಕಳಸು" ಎಂದು ಹೇಳಿದ್ದು ಅಂಗಡಿಯಿಂದಲೇ. ಚೀಟಿ ಮಾಲು ಕೊಡುವ ಹುಡುಗನ ಮೇಜಿನ ಖಾನೆಯಲ್ಲಿತ್ತು. ಬಿಲ್ಲು ಮಾಡಿ 18,000 ರೂಪಾಯಿಯ ಮಾಲು ಮರಳಿ ಲೆಕ್ಕಕ್ಕೆ ಬಂತು. ಆ ಚೀಟಿ ಕಳೆದಿದ್ದರೆ ಹುಡುಗನ ಮೇಲೆ 5 ಬಂಡಲ್ ಕದ್ದ ಆರೋಪ ಬರುತ್ತಿತ್ತು, ತಪ್ಪಿಸಿಕೊಳ್ಳಲು ಅವನ ಬಳಿ ಏನೂ ಇರುತ್ತಿರಲಿಲ್ಲ.

ಹಂಗಾಮಿನಲ್ಲಿ ಚೀಟಿಯ ವ್ಯವಹಾರವನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಹಾಗಾದರೆ ಚೀಟಿಗೂ ಸಂಖ್ಯೆ ಕೊಡಿ. ಮೊದಲೇ ಅಚ್ಚು ಹಾಕಿಸಿದ, ಮೂರು ಪ್ರತಿಯ ಚೀಟಿ ಪುಸ್ತಕ ಇರಲಿ: ಒಂದು ಗಾಡಿಯ ಜೊತೆ, ಒಂದು ಬಾಗಿಲಲ್ಲಿ, ಒಂದು ಪುಸ್ತಕದಲ್ಲೇ. ಸಂಜೆ ಬಾಗಿಲು ಹಾಕುವ ಮುಂಚೆ ಬಿಲ್ಲಾಗದ ಚೀಟಿಗಳ ಸಂಖ್ಯೆಯನ್ನು ವ್ಯವಸ್ಥಾಪಕರೇ ಓದಿ ನೋಡಬೇಕು. ಮಾಲಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ಲೂ ಬೇಕು ಎಂಬುದನ್ನು ನೆನಪಿಡಿ. ಅಂಥ ಮಾಲನ್ನು ಚೀಟಿಯ ಮೇಲೆ ಕಳಿಸಿದರೆ ಗಾಡಿಯೇ ದಾರಿಯಲ್ಲಿ ಸಿಕ್ಕಿಬೀಳಬಹುದು.

ಜಾಗ ತಪ್ಪಿದ ಮಾಲು

ಜಾಗ ತಪ್ಪಿದ ಮಾಲಿನ ಗುರುತು ಒಂದೇ: ಅದು ಎಲ್ಲೋ ಇದೆ. ಅದನ್ನು ಹುಡುಕಲು ಇಡೀ ಗೋದಾಮು ಕೆದಕುವ ಮುಂಚೆ ಮಾಲು ತಾತ್ಕಾಲಿಕವಾಗಿ ನಿಲ್ಲುವ ಜಾಗಗಳನ್ನು ನೋಡಬೇಕು. ಮರಳಿ ಬಂದ ಮಾಲಿನ ಮೂಲೆ, ಗಾಡಿ ತುಂಬುವ ಕಟ್ಟೆ, ಅಂಗಡಿಯ ಮಾಳಿಗೆ, ಇವು ಮೊದಲು. ಕೇಬಲ್ಲಿನ 9 ರೋಲ್‌ಗಳಲ್ಲಿ 3 ಅಂಗಡಿಯಲ್ಲೇ ಸಿಕ್ಕವು. ಗಿರಾಕಿಗೆ ತೋರಿಸಲು ಒಯ್ದಿದ್ದರು, ವರ್ಗಾವಣೆ ಬರೆದಿರಲಿಲ್ಲ. 27,000 ರೂಪಾಯಿಯ ಕೊರತೆ ಹೀಗೆ ಹೋಯಿತು.

ಇಲ್ಲಿಗೆ ಬರುವಷ್ಟರಲ್ಲಿ 1,93,680 ರೂಪಾಯಿಯಲ್ಲಿ 1,22,580ಕ್ಕೆ ಕಾರಣ ಸಿಕ್ಕಿತ್ತು. ಯಾರ ಮೇಲೂ ಒಂದು ಮಾತು ಆಡಿರಲಿಲ್ಲ. ಉಳಿದದ್ದು 71,100 ರೂಪಾಯಿ: 6 ಕೇಬಲ್ ರೋಲ್, 38 ವಾಲ್ವ್.

ಉಳಿದದ್ದನ್ನು ಓದುವುದು

ಕಳ್ಳತನದ ಗುರುತು ಇಲ್ಲಿ ತಾನಾಗಿ ಕಾಣತೊಡಗುತ್ತದೆ. ಎರಡೂ ಕಡೆ ವ್ಯತ್ಯಾಸ ಕಡಿಮೆಯದೇ, ಹೆಚ್ಚಿನದಿಲ್ಲ. ಯಾವ ಬಿಲ್ಲಿಗೂ ಕೂಡುವುದಿಲ್ಲ. ಒಂದು ತಾಮ್ರ, ಇನ್ನೊಂದು ಹಿತ್ತಾಳೆ: ಸಣ್ಣ ಗಾತ್ರ, ಒಳ್ಳೆಯ ಬೆಲೆ, ಎಲ್ಲಿ ಬೇಕಾದರೂ ಮಾರಾಟವಾಗುವ ವಸ್ತು. ಹೊರಲಾರದ ದೊಡ್ಡ ಪೈಪಿನಲ್ಲಿ ಒಂದೂ ಕಡಿಮೆಯಾಗಿಲ್ಲ. ಆದರೂ ಇದು ಸಂಶಯವಷ್ಟೇ. ಎರಡನ್ನೂ ಬೇರೆ ಬೇರೆಯಾಗಿ ಹಿಡಿಯಬೇಕಾಯಿತು, ಏಕೆಂದರೆ ಎರಡೂ ಹೊರಹೋದ ದಾರಿ ಬೇರೆ.

ವಾಲ್ವ್ 12ರ ಡಬ್ಬಿಯಲ್ಲಿ ಬರುತ್ತದೆ. ಪ್ರತಿ ಡಬ್ಬಿಯನ್ನೂ ಎತ್ತಿ ನೋಡಿದಾಗ ಥಪ್ಪಿಯ ಹಿಂದಿನ ಸಾಲಿನಲ್ಲಿ ಮೂರು ಡಬ್ಬಿ ಹಗುರವಾಗಿದ್ದವು. ತಳ ಬಿಚ್ಚಿ, ವಾಲ್ವ್ ತೆಗೆದು, ಮತ್ತೆ ಟೇಪು ಹಚ್ಚಿ ಇಟ್ಟಿದ್ದರು. ಮೂರು ಡಬ್ಬಿಗೆ 36, ಬಿಡಿ ಮಾಲಿನಲ್ಲಿ 2. ಕಾಗದದ ತಪ್ಪು ಡಬ್ಬಿಯ ತಳಕ್ಕೆ ಟೇಪು ಹಚ್ಚುವುದಿಲ್ಲ, ಹಾಗಾಗಿ ಇದು ಕಳ್ಳತನವೆಂಬುದು ಅಲ್ಲಿಗೇ ಖಚಿತವಾಯಿತು. ಆದರೆ ಯಾರು, ಯಾವಾಗ ಎಂಬುದು ಕೊನೆಯವರೆಗೂ ತಿಳಿಯಲಿಲ್ಲ. ಹಿಂದಿನ ಎಣಿಕೆಗಳಲ್ಲೆಲ್ಲ ಡಬ್ಬಿ ಎಣಿಸಿ 12ರಿಂದ ಗುಣಿಸಿದ್ದರು, ಆದ್ದರಿಂದ ಪುಸ್ತಕ ಸದಾ ಕೂಡುತ್ತಿತ್ತು. ಕಳುವಾದ ತಿಂಗಳು ಯಾವುದು ಎನ್ನಲು ಆಧಾರವೇ ಉಳಿದಿರಲಿಲ್ಲ. ಈಗ ಆ ಗೋದಾಮಿನಲ್ಲಿ ತುಂಬಿದ ಡಬ್ಬಿಯ ತೂಕವನ್ನು ಥಪ್ಪಿಯ ಮುಂದೆ ಬರೆದು ತೂಗುಹಾಕಿದ್ದಾರೆ, ಎಣಿಕೆಯ ದಿನ ಕೆಲವು ಡಬ್ಬಿಗಳನ್ನು ಹಿಂದಿನ ಸಾಲಿನಿಂದಲೇ ಎಳೆದು ತೂಗುತ್ತಾರೆ.

ಕೇಬಲ್ಲಿನ ಕಥೆಯಲ್ಲಿ ದಾರಿ ತೋರಿಸಿದ್ದು ಹಮಾಲರ ನೋಟ್‌ಬುಕ್ಕು. ಇದನ್ನು ಎಲ್ಲ ವ್ಯವಸ್ಥಾಪಕರೂ ತಿಳಿಯಬೇಕೆಂದು ನನಗೆ ಬಹಳ ಆಸೆ. ಹಮಾಲಿ ಕೊಡುವುದು ನಗಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಆದ್ದರಿಂದ ಮುಕಾದಮರು ಯಾವ ದಿನ, ಯಾವ ಗಾಡಿಗೆ, ಎಷ್ಟು ನಗ ಏರಿಸಿದೆವು ಎಂದು ತಮ್ಮ ಕೂಲಿಗಾಗಿ ಬರೆದಿಡುತ್ತಾರೆ. ಗೋದಾಮಿನ ಕಾಗದಕ್ಕೂ ಆ ನೋಟ್‌ಬುಕ್ಕಿಗೂ ಸಂಬಂಧವಿಲ್ಲ, ಬರೆದವರು ಬೇರೆ, ಬರೆದ ಕಾರಣ ಬೇರೆ. ಆ ಕಾರಣಕ್ಕೇ ಅದು ಒಳ್ಳೆಯ ಸಾಕ್ಷಿ. ಹಿಂದಿನ ಎರಡು ತಿಂಗಳ ಕೇಬಲ್ ಚಲನ್‌ಗಳನ್ನು ಅದರ ಪಕ್ಕದಲ್ಲಿಟ್ಟು ಒಂದೊಂದೇ ಸಾಲು ತಾಳೆ ನೋಡಿದಾಗ ನಾಲ್ಕು ದಿನಗಳಲ್ಲಿ ನೋಟ್‌ಬುಕ್ಕಿನ ಸಂಖ್ಯೆ ಚಲನ್ನಿಗಿಂತ ಹೆಚ್ಚಿತ್ತು: ಮೂರು ದಿನ ಒಂದೊಂದು, ಒಂದು ದಿನ ಎರಡು. ಒಟ್ಟು 5 ರೋಲ್. ನಾಲ್ಕೂ ದಿನ ಹೋದದ್ದು ಒಂದೇ ಬಾಡಿಗೆ ಟೆಂಪೊ. ನಾಲ್ಕೂ ದಿನ ಚಲನ್ ಬರೆದವನೂ, ಮಾಲು ಎಣಿಸಿಕೊಟ್ಟವನೂ ಒಬ್ಬನೇ.

ಮುಕಾದಮರನ್ನು ಕೇಳಿದಾಗ ಅವರು ಹೇಳಿದ್ದು ನೇರವಾಗಿತ್ತು: "ಸಾಹೇಬ್ರ, ಅವ್ರು ಹದಿಮೂರು ಏರಸ್ರಿ ಅಂದ್ರು, ನಾವು ಹದಿಮೂರು ಏರಿಸಿದಿವಿ. ಕಾಗದದಾಗ ಏನೈತಿ ಅಂತ ನಮಗೇನು ಗೊತ್ತ್ರಿ?" ಅವರ ಮಾತಿನಲ್ಲಿ ತಪ್ಪೇನಿಲ್ಲ. ಕೊರತೆ ಬಂದಾಗಲೆಲ್ಲ ಮೊದಲು ಬೈಸಿಕೊಳ್ಳುವ ಜನರೇ ಇಲ್ಲಿ ಸರಿಯಾದ ಲೆಕ್ಕ ಇಟ್ಟಿದ್ದರು.

ಐದು ರೋಲಿಗೆ ಕಾಗದದ ಆಧಾರ ಸಿಕ್ಕಿತು, ಆರನೆಯದಕ್ಕೆ ಸಿಗಲಿಲ್ಲ. ಆರನೆಯದನ್ನೂ ಅದೇ ಹೆಸರಿಗೆ ಸೇರಿಸಿಬಿಡುವುದು ಸುಲಭ, ಆದರೆ ಸೇರಿಸಬಾರದು.

ಹೆಸರು ಸಿಕ್ಕ ಮೇಲೆ

ಎಲ್ಲರ ಎದುರು ಕೇಳಬೇಡಿ. ಚಲನ್ ಮತ್ತು ನೋಟ್‌ಬುಕ್ಕಿನ ಪ್ರತಿ ಮುಂದಿಟ್ಟು, ಇನ್ನೊಬ್ಬ ಹಿರಿಯರನ್ನು ಕೂರಿಸಿಕೊಂಡು, ಆ ನಾಲ್ಕು ದಿನಗಳ ಬಗ್ಗೆ ಮಾತ್ರ ಕೇಳಿ, ಉತ್ತರವನ್ನು ಬರೆದುಕೊಳ್ಳಿ. ಹೆಚ್ಚಿನ ರೋಲ್ ಬೇರೆ ರೈತರಿಗೆ ಹೋಗಿದ್ದು ಚೀಟಿ ಕಳೆದಿದೆ ಎಂದು ಅವನು ಹೇಳಬಹುದು, ಹಾಗಿದ್ದರೆ ಆ ರೈತರನ್ನು ವಿಚಾರಿಸಬಹುದು. ಸಂಬಳದಲ್ಲಿ ಏಕಾಏಕಿ ಹಿಡಿಯುವಂತಿಲ್ಲ. ನಷ್ಟ ಅದೇ ವ್ಯಕ್ತಿಯ ತಪ್ಪಿನಿಂದ ಆಗಿರಬೇಕು, ವಿವರಣೆ ಕೊಡಲು ಅವನಿಗೆ ಅವಕಾಶ ಸಿಕ್ಕಿರಬೇಕು ಎಂದು ವೇತನದ ಕಾನೂನು ಹೇಳುತ್ತದೆ. ಕೊರತೆಯನ್ನು ಎಲ್ಲ ಕೆಲಸಗಾರರಿಗೂ ಸಮನಾಗಿ ಹಂಚುವ ರೂಢಿ ಕೆಲವು ಕಡೆ ಇದೆ. ಅದು ಕಾನೂನಿಗೂ ನ್ಯಾಯಕ್ಕೂ ಹೊರತು, ಪ್ರಾಮಾಣಿಕರನ್ನು ಕೆಲಸ ಬಿಡಿಸುವುದಷ್ಟೇ ಅದರ ಫಲ. ಪೊಲೀಸರ ಬಳಿ ಹೋಗುವುದಾದರೆ, ನೌಕರನೇ ಮಾಡುವ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ 306ನೆಯ ಕಲಮು ಇದೆ, ಒಪ್ಪಿಸಿದ ಮಾಲಿನ ನಂಬಿಕೆದ್ರೋಹಕ್ಕೆ 316 ಇದೆ.

ವಿಮೆಯ ಬಗ್ಗೆ ಅನೇಕರಿಗೆ ತಪ್ಪು ಭರವಸೆ ಇರುತ್ತದೆ. ಸಾಮಾನ್ಯ ಕಳ್ಳತನದ ವಿಮೆ ಬೀಗ ಒಡೆದು ಒಳನುಗ್ಗಿದ ಕಳ್ಳತನಕ್ಕೆ. ನೌಕರರು ಮಾಡಿದ್ದಕ್ಕೂ, ಎಣಿಕೆಯಲ್ಲಿ ಕಂಡ ಕೊರತೆಗೂ ಅದು ಹೆಚ್ಚಾಗಿ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆಯದೇ ಆದ ನೌಕರ ನಿಷ್ಠೆಯ ವಿಮೆ ಬೇಕು. ಜಿಎಸ್‌ಟಿಯ ಲೆಕ್ಕವೂ ಇದೆ. ಕಳೆದುಹೋದ, ಕಳುವಾದ, ಪುಸ್ತಕದಿಂದ ತೆಗೆದುಹಾಕಿದ ಮಾಲಿಗೆ 17(5)(ಎಚ್) ಕಲಮಿನಂತೆ ಹೂಡುವಳಿ ತೆರಿಗೆಯ ಜಮೆ ಸಿಗುವುದಿಲ್ಲ, ಮೊದಲೇ ಪಡೆದಿದ್ದರೆ ಮರಳಿಸಬೇಕು. 71,100 ರೂಪಾಯಿಯ ಮಾಲಿಗೆ ಶೇ. 18ರಂತೆ ಅದು 12,798 ರೂಪಾಯಿ. ಈ ಮಾಲಿನ ನಿಜವಾದ ನಷ್ಟ 83,898 ಆಯಿತು. ಕಾಗದದ ತಪ್ಪನ್ನು ಹುಡುಕದೆ ಇಡೀ 1,93,680 ರೂಪಾಯಿಯನ್ನು ಕೊರತೆ ಎಂದು ಬರೆದುಬಿಟ್ಟಿದ್ದರೆ, ಕಳೆಯದೇ ಇದ್ದ ಮಾಲಿಗೂ ತೆರಿಗೆ ತುಂಬಬೇಕಾಗುತ್ತಿತ್ತು.

ಬಾಗಿಲು ಮುಚ್ಚುವ ಕೆಲಸ

ಆ ಗೋದಾಮಿನಲ್ಲಿ ದೊಡ್ಡ ಯಂತ್ರವೇನೂ ಬರಲಿಲ್ಲ. ಚಲನ್ ಬರೆಯುವವನು ಮಾಲು ಎಣಿಸುವುದನ್ನು ನಿಲ್ಲಿಸಿದರು. ಹುಡುಗ ಮಾಲು ಕೊಡುತ್ತಾನೆ, ಗುಮಾಸ್ತರು ಚಲನ್ ಮಾಡುತ್ತಾರೆ, ಬಾಗಿಲ ಕಾವಲುಗಾರ ಗಾಡಿಯ ಮೇಲಿನ ನಗ ಎಣಿಸಿ ತನ್ನ ವಹಿಯಲ್ಲಿ ಬರೆಯುತ್ತಾನೆ. ಕಾವಲುಗಾರನಿಗೆ ಚಲನ್ ತೋರಿಸುವುದು ಎಣಿಸಿ ಬರೆದ ಮೇಲೆ. ಮೂರೇ ಜನರಿದ್ದರೂ ಇದು ನಡೆಯುತ್ತದೆ, ಒಬ್ಬ ರಜೆ ಹಾಕಿದ ದಿನ ಅವನ ಜಾಗದಲ್ಲಿ ವ್ಯವಸ್ಥಾಪಕರೇ ನಿಲ್ಲಬೇಕು. ಈ ಮೂವರೂ ಕೂಡಿಕೊಂಡರೆ ಈ ವ್ಯವಸ್ಥೆ ಉಪಯೋಗಕ್ಕೆ ಬರುವುದಿಲ್ಲ, ಅಂಥ ಹೊತ್ತಿಗೆ ನಾಲ್ಕನೆಯ ಕಣ್ಣಾಗಿ ಹಮಾಲರ ನೋಟ್‌ಬುಕ್ಕು ಇದೆ. ಪ್ರತಿ ಶನಿವಾರ ಹಮಾಲಿ ಕೊಡುವಾಗ ಅದನ್ನು ಬಾಗಿಲ ವಹಿಯ ಜೊತೆ ತಾಳೆ ನೋಡುತ್ತಾರೆ, ನೋಡಿದ ಮೇಲೆಯೇ ಹಣ.

ಕೇಬಲ್ ಮತ್ತು ಹಿತ್ತಾಳೆ ಸಾಮಾನು ಜಾಲರಿಯ ಕೋಣೆಗೆ ಹೋದವು, ಎರಡು ಬೀಗ, ಇಬ್ಬರ ಬಳಿ ಕೀಲಿ. ಎಣಿಕೆ ವರ್ಷಕ್ಕೊಮ್ಮೆ ಎಂಬುದು ಹೋಗಿ, ಜಾಲರಿಯೊಳಗಿನ ಮಾಲು ವಾರಕ್ಕೊಮ್ಮೆ, ಬಂಡಲ್‌ಗಳು ತಿಂಗಳಿಗೊಮ್ಮೆ, ಜಾಯ್ನರ್‌ನಂಥ ಸಣ್ಣ ವಸ್ತು ಆರು ತಿಂಗಳಿಗೊಮ್ಮೆ ಎಂದಾಯಿತು. ವಾರದ ಎಣಿಕೆಗೆ ಇನ್ನೊಂದು ಕಾರಣವೂ ಇದೆ. ಕ್ಯಾಮೆರಾದ ಪೆಟ್ಟಿಗೆ ಹಳೆಯ ದೃಶ್ಯಗಳನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುತ್ತದೆ. ವರ್ಷದ ಕೊನೆಗೆ ಎಣಿಸಿ ಕೊರತೆ ಕಂಡುಕೊಂಡವರಿಗೆ ನೋಡಲು ದೃಶ್ಯವೇ ಇರುವುದಿಲ್ಲ. ನಿಮ್ಮ ಪೆಟ್ಟಿಗೆ ಎಷ್ಟು ದಿನದ ದೃಶ್ಯ ಇಟ್ಟುಕೊಳ್ಳುತ್ತದೆ ಎಂದು ಇವತ್ತೇ ಹಿಂದಕ್ಕೆ ಓಡಿಸಿ ನೋಡಿ. ಬೆಲೆಬಾಳುವ ಮಾಲಿನ ಎರಡು ಎಣಿಕೆಗಳ ನಡುವಿನ ಅಂತರ ಅದರ ಅರ್ಧಕ್ಕಿಂತ ಹೆಚ್ಚಾಗಬಾರದು, ಏಕೆಂದರೆ ಕೊರತೆ ಕಂಡ ಮೇಲೆ ಕಾಗದ ಮತ್ತು ಜಾಗ ನೋಡಿ ಮುಗಿಸಲೂ ಕೆಲವು ದಿನ ಬೇಕು.